ಬೋಡೆ ಪ್ಲಾಟ್: ಅಕ್ಷಗಳಿಗೆ ಲಾಗ್ ಏಕೆ, ಗೇನ್‌ಗೆ ಡೆಸಿಬೆಲ್ ಏಕೆ

ಒಂದು ಸರ್ಕ್ಯೂಟು ಬೇರೆ ಬೇರೆ ಆವೃತ್ತಿಯ ಸಂಕೇತಗಳಿಗೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ತೋರಿಸುವ ಜೋಡಿ ನಕ್ಷೆಗೆ ಬೋಡೆ ಪ್ಲಾಟ್ ಎಂದು ಹೆಸರು. ಮೇಲಿನ ನಕ್ಷೆ ಗೇನ್ ತೋರಿಸುತ್ತದೆ. ಒಳಗೆ ಕೊಟ್ಟ ವೋಲ್ಟೇಜಿಗೆ ಹೋಲಿಸಿದರೆ ಹೊರಗೆ ಬಂದದ್ದು ಎಷ್ಟು ಪಟ್ಟು ಎಂಬ ಅನುಪಾತವೇ ಗೇನ್. ಕೆಳಗಿನ ನಕ್ಷೆ ಫೇಸ್ ತೋರಿಸುತ್ತದೆ, ಅಂದರೆ ಹೊರಬಂದ ಅಲೆ ಒಳಹೋದ ಅಲೆಗಿಂತ ಎಷ್ಟು ಡಿಗ್ರಿ ಹಿಂದಿದೆ ಅಥವಾ ಮುಂದಿದೆ ಎಂಬುದನ್ನು. ಎರಡಕ್ಕೂ ಅಡ್ಡ ಅಕ್ಷ ಒಂದೇ, ಆವೃತ್ತಿ. ಆ ಅಡ್ಡ ಅಕ್ಷದ ಮೇಲೆ ಅಂಕಿಗಳು 1, 2, 3 ಎಂದು ಸಮವಾಗಿ ಸಾಗುವುದಿಲ್ಲ. 10, 100, 1000, 10,000 ಎಂದು ಹತ್ತು ಹತ್ತು ಪಟ್ಟಾಗಿ ಹಾರುತ್ತವೆ. ಗೇನ್ ಅಕ್ಷದ ಮೇಲೆ ಪಟ್ಟುಗಳ ಬದಲಿಗೆ ಡೆಸಿಬೆಲ್ ಇರುತ್ತದೆ. ಡಿಗ್ರಿಯಲ್ಲಿ ಅಳೆಯುವ ಫೇಸ್ ಅಕ್ಷ ಮಾತ್ರ ಮಾಮೂಲಿನಂತೆ ಉಳಿಯುತ್ತದೆ.

ಈ ಬಗೆಯ ನಕ್ಷೆಯನ್ನು ರೂಢಿಗೆ ತಂದವರು ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಹೆಂಡ್ರಿಕ್ ಬೋಡೆ (1905–1982). ದೂರದ ಊರುಗಳ ನಡುವಿನ ಟೆಲಿಫೋನ್ ತಂತಿಗಳಲ್ಲಿ ಮಾತು ಕ್ಷೀಣಿಸುತ್ತ ಹೋಗುವುದರಿಂದ ದಾರಿಯುದ್ದಕ್ಕೂ ಆಂಪ್ಲಿಫೈಯರ್‌ಗಳನ್ನು ಇಡಬೇಕಾಗುತ್ತಿತ್ತು. ಅಂಥ ಆಂಪ್ಲಿಫೈಯರ್ ಅಗಲವಾದ ಆವೃತ್ತಿ ವ್ಯಾಪ್ತಿಯಲ್ಲಿ ಎಷ್ಟು ಗೇನ್ ಕೊಡುತ್ತದೆ, ಎಲ್ಲಿ ಕುಸಿಯುತ್ತದೆ, ಎಷ್ಟು ಬೇಗ ಕುಸಿಯುತ್ತದೆ ಎಂಬುದನ್ನು ಕಂಪ್ಯೂಟರ್ ಇಲ್ಲದ 1930ರ ದಶಕದಲ್ಲಿ ಕಾಗದದ ಮೇಲೆಯೇ ಅಂದಾಜು ಮಾಡಬೇಕಿತ್ತು. ಬೋಡೆ ಅದಕ್ಕೆ ಸ್ಕೇಲು ಮತ್ತು ಪೆನ್ಸಿಲಿನಿಂದ ಸಾಗುವ ವಿಧಾನವನ್ನು ರೂಪಿಸಿದರು. 1945ರಲ್ಲಿ ಬಂದ ಅವರ ಪುಸ್ತಕ ಅದನ್ನು ಎಂಜಿನಿಯರುಗಳ ನಡುವೆ ನೆಲೆಗೊಳಿಸಿತು. ಆ ವಿಧಾನದ ಜೀವಾಳ ಎರಡು ಮಾತುಗಳಲ್ಲಿದೆ: ಲಾಗ್ ತೆಗೆದುಕೊಂಡರೆ ಗುಣಾಕಾರ ಸಂಕಲನವಾಗುತ್ತದೆ, ವಕ್ರರೇಖೆ ಸರಳರೇಖೆಯಾಗುತ್ತದೆ.

ಆವೃತ್ತಿಯ ಅಕ್ಷ

ಮನುಷ್ಯನ ಕಿವಿಗೆ ಕೇಳುವ ಶಬ್ದದ ವ್ಯಾಪ್ತಿ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ. ಇದನ್ನು 20 ಸೆಂಟಿಮೀಟರ್ ಅಗಲದ ಮಾಮೂಲಿ ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ ಒಂದು ಮಿಲಿಮೀಟರಿಗೆ 100 ಹರ್ಟ್ಜ್ ಬರುತ್ತದೆ. ಕರೆಂಟಿನಿಂದ ನುಸುಳುವ 50 ಹರ್ಟ್ಜ್ ಗುಂಯ್‌ಗುಡುವಿಕೆ ಅರ್ಧ ಮಿಲಿಮೀಟರಿನಲ್ಲಿ ಅಡಗಿಕೊಳ್ಳುತ್ತದೆ. 20ರಿಂದ 200 ಹರ್ಟ್ಜ್‌ವರೆಗಿನ ಇಡೀ ಮಂದ್ರ ಭಾಗಕ್ಕೆ ಸಿಗುವ ಜಾಗ 1.8 ಮಿಲಿಮೀಟರ್. ಇತ್ತ 10,000ದಿಂದ 20,000 ಹರ್ಟ್ಜ್‌ವರೆಗಿನ ಭಾಗ ಕಾಗದದ ಅರ್ಧವನ್ನೇ ನುಂಗಿಹಾಕುತ್ತದೆ. ಅಷ್ಟು ಜಾಗ ಹಿಡಿದರೂ ಆ ಭಾಗದಲ್ಲಿ ಆವೃತ್ತಿ ಹೆಚ್ಚಿರುವುದು ಬರೀ ಎರಡು ಪಟ್ಟು.

ಸರ್ಕ್ಯೂಟಿಗೆ ಮುಖ್ಯವಾಗುವುದು ಆವೃತ್ತಿ ಎಷ್ಟು ಹರ್ಟ್ಜ್ ಹೆಚ್ಚಿತು ಎಂಬುದಲ್ಲ, ಎಷ್ಟು ಪಟ್ಟು ಹೆಚ್ಚಿತು ಎಂಬುದು. ಆವೃತ್ತಿ ಎರಡು ಪಟ್ಟಾದರೆ ಕೆಪಾಸಿಟರ್ ಒಡ್ಡುವ ತಡೆ ಅರ್ಧವಾಗುತ್ತದೆ. 100 ಹರ್ಟ್ಜ್‌ನಿಂದ 200ಕ್ಕೆ ಹೋದರೂ ಅರ್ಧ, 10,000ದಿಂದ 20,000ಕ್ಕೆ ಹೋದರೂ ಅರ್ಧ. ಸಂಗೀತ ಕೇಳುವ ಕಿವಿಯ ಲೆಕ್ಕವೂ ಇದೇ. ಗಾಯಕನ ಮಧ್ಯ ಷಡ್ಜ 140 ಹರ್ಟ್ಜ್‌ಗೆ ಕೂಡಿದ್ದರೆ ಮಂದ್ರ ಷಡ್ಜ 70 ಹರ್ಟ್ಜ್, ತಾರ ಷಡ್ಜ 280 ಹರ್ಟ್ಜ್. ಒಂದು ಜಿಗಿತ 70 ಹರ್ಟ್ಜ್, ಇನ್ನೊಂದು 140 ಹರ್ಟ್ಜ್. ಆದರೂ ಕಿವಿಗೆ ಎರಡೂ ಸಮನಾದ ಒಂದೊಂದು ಸ್ಥಾಯಿ.

ಸಮನಾದ ಪಟ್ಟುಗಳಿಗೆ ಸಮನಾದ ದೂರ ಕೊಡುವ ಅಕ್ಷವೇ ಲಾಗ್ ಅಕ್ಷ. ಅದೇ 20 ಸೆಂಟಿಮೀಟರ್ ಕಾಗದದಲ್ಲಿ 20ರಿಂದ 200, 200ರಿಂದ 2000, 2000ದಿಂದ 20,000 ಹರ್ಟ್ಜ್ ಈ ಮೂರು ಭಾಗಗಳಿಗೂ ತಲಾ 6.7 ಸೆಂಟಿಮೀಟರ್ ಸಿಗುತ್ತದೆ. ಹತ್ತು ಪಟ್ಟಿನ ಇಂಥ ಒಂದೊಂದು ಭಾಗವನ್ನು ಡೆಕೇಡ್ ಎನ್ನುತ್ತಾರೆ, ಎರಡು ಪಟ್ಟಿನದನ್ನು ಆಕ್ಟೇವ್. 1ರಿಂದ 10ರವರೆಗಿನ ಡೆಕೇಡಿನ ಒಳಗೆ ಗೆರೆಗಳು ಸಮಾನ ಅಂತರದಲ್ಲಿರುವುದಿಲ್ಲ. 2 ಎಂಬ ಗುರುತು ಡೆಕೇಡಿನ ಶೇ 30ರ ಹತ್ತಿರ ಬರುತ್ತದೆ, 3 ಶೇ 48ರ ಹತ್ತಿರ, 5 ಶೇ 70ರ ಹತ್ತಿರ. ಎರಡು ಗುರುತುಗಳ ನಟ್ಟನಡುವೆ ಇರುವ ಬಿಂದುವನ್ನು ಓದುವಾಗ ಹೊಸಬರು ತಪ್ಪುವುದು ಇಲ್ಲಿಯೇ. 100 ಮತ್ತು 1000ದ ನಡುಬಿಂದು 550 ಅಲ್ಲ, ಸುಮಾರು 316. ಲಾಗ್ ಅಕ್ಷದ ಮೇಲೆ ಸೊನ್ನೆಗೆ ಜಾಗವೇ ಇಲ್ಲ ಎಂಬುದನ್ನೂ ನೆನಪಿಡಬೇಕು. ಎಡಕ್ಕೆ ಸರಿದಷ್ಟೂ 1, 0.1, 0.01 ಎಂದು ಅಕ್ಷ ಬೆಳೆಯುತ್ತಲೇ ಹೋಗುತ್ತದೆ.

ವಕ್ರರೇಖೆ ಸರಳರೇಖೆಯಾಗುವ ಬಗೆ

ವ್ಯಾಪ್ತಿ ದೊಡ್ಡದಿರುವುದಷ್ಟೇ ಕಾರಣವಾಗಿದ್ದರೆ ಆವೃತ್ತಿಗೆ ಮಾತ್ರ ಲಾಗ್ ಅಕ್ಷ ಸಾಕಾಗುತ್ತಿತ್ತು. ಗೇನ್‌ಗೂ ಲಾಗ್ ಬೇಕಾಗುವುದಕ್ಕೆ ಇನ್ನೂ ಆಳವಾದ ಕಾರಣವಿದೆ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಿ ಮಾಡಿದ ಲೋ ಪಾಸ್ ಫಿಲ್ಟರನ್ನು ತೆಗೆದುಕೊಳ್ಳಬಹುದು. ಇದು ಕಡಿಮೆ ಆವೃತ್ತಿಗಳನ್ನು ಹಾಗೆಯೇ ಬಿಡುತ್ತದೆ, ಹೆಚ್ಚಿನವನ್ನು ತಗ್ಗಿಸುತ್ತದೆ. ಎರಡರ ನಡುವಿನ ಗಡಿಗೆ ಕಾರ್ನರ್ ಆವೃತ್ತಿ ಎಂದು ಹೆಸರು. ಆ ಗಡಿಯನ್ನು ಸಾಕಷ್ಟು ದಾಟಿದ ಮೇಲೆ ಗೇನ್ ಸರಿಸುಮಾರು `fc/f` ಆಗುತ್ತದೆ. ಇಲ್ಲಿ `fc` ಕಾರ್ನರ್ ಆವೃತ್ತಿ, `f` ಸಂಕೇತದ ಆವೃತ್ತಿ. ಆವೃತ್ತಿ ಹತ್ತು ಪಟ್ಟಾದರೆ ಗೇನ್ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.

ಮಾಮೂಲಿ ಅಕ್ಷಗಳ ಮೇಲೆ ಇದು ಮೊದಲು ಧುಮ್ಮಿಕ್ಕಿ ಆಮೇಲೆ ನೆಲಕ್ಕೆ ಅಂಟಿಕೊಂಡಂತೆ ಸಾಗುವ ವಕ್ರರೇಖೆ. ಗೇನ್ 0.01 ಇದೆಯೋ 0.001 ಇದೆಯೋ ಎಂದು ನೋಡಿ ಹೇಳಲಾಗದು. ಎರಡೂ ಬದಿಗೆ ಲಾಗ್ ತೆಗೆದುಕೊಂಡರೆ ಭಾಗಾಕಾರ ವ್ಯವಕಲನವಾಗುತ್ತದೆ:

```
log(gain) = log(fc) − log(f)
```

ಅಡ್ಡ ಅಕ್ಷದಲ್ಲಿ `log(f)`, ಲಂಬ ಅಕ್ಷದಲ್ಲಿ `log(gain)` ಇಟ್ಟರೆ ಇದು ಕೆಳಮುಖವಾದ ಅಚ್ಚುಕಟ್ಟು ಸರಳರೇಖೆ. ಫಿಲ್ಟರಿನಲ್ಲಿ ಇಂಥ ಎರಡು ಹಂತಗಳಿದ್ದು ಗೇನ್ ಆವೃತ್ತಿಯ ವರ್ಗಕ್ಕೆ ವಿಲೋಮವಾಗಿದ್ದರೆ ರೇಖೆ ಎರಡರಷ್ಟು ಕಡಿದಾಗುತ್ತದೆ, ಮೂರು ಹಂತಗಳಿದ್ದರೆ ಮೂರರಷ್ಟು. ಹಾಗಾಗಿ ಇಳಿಜಾರನ್ನು ನೋಡಿದೊಡನೆ ಒಳಗೆ ಎಷ್ಟು ಹಂತಗಳಿವೆ ಎಂದು ಅಂದಾಜು ಮಾಡಬಹುದು. ಈ ಸರಳರೇಖೆ ಮೂಡಬೇಕಾದರೆ ಎರಡೂ ಅಕ್ಷಗಳು ಲಾಗ್ ಆಗಿರಲೇಬೇಕು. ಒಂದನ್ನು ಮಾತ್ರ ಬದಲಿಸಿದರೆ ವಕ್ರತೆ ಉಳಿದುಬಿಡುತ್ತದೆ.

ಡೆಸಿಬೆಲ್ ಬಂದದ್ದು ಎಲ್ಲಿಂದ

ಡೆಸಿಬೆಲ್ ಹುಟ್ಟಿದ್ದೂ ಟೆಲಿಫೋನ್ ತಂತಿಯಲ್ಲೇ. ಮೊದಲು ಅಮೆರಿಕದ ಎಂಜಿನಿಯರುಗಳು ಸಂಕೇತದ ನಷ್ಟವನ್ನು ಮೈಲಿಗಳಲ್ಲಿ ಹೇಳುತ್ತಿದ್ದರು. ಒಂದು ಮೈಲಿ ಉದ್ದದ ಗೊತ್ತಾದ ಮಾದರಿ ಕೇಬಲ್ಲಿನಲ್ಲಿ ಆಗುವಷ್ಟು ನಷ್ಟವೇ ಅವರ ಅಳತೆಗೋಲು. ಪ್ರತಿ ಮೈಲಿಯೂ ಸಂಕೇತವನ್ನು ಒಂದೇ ಅನುಪಾತದಲ್ಲಿ ತಗ್ಗಿಸುವುದರಿಂದ ಅನುಪಾತಗಳನ್ನು ಗುಣಿಸುವ ಬದಲು ಮೈಲಿಗಳನ್ನು ಕೂಡಿದರೆ ಸಾಕಾಗುತ್ತಿತ್ತು. ಆದರೆ ಕೇಬಲ್ಲಿನ ನಷ್ಟ ಆವೃತ್ತಿಯೊಂದಿಗೆ ಬದಲಾಗುತ್ತದೆ. ಹಾಗಾಗಿ ಅಳತೆಗೋಲೇ ಸ್ಥಿರವಾಗಿರಲಿಲ್ಲ. 1920ರ ದಶಕದಲ್ಲಿ ಬೆಲ್ ಟೆಲಿಫೋನ್ ವ್ಯವಸ್ಥೆ ಕೇಬಲ್ಲನ್ನು ಬಿಟ್ಟು ಶುದ್ಧ ಗಣಿತದ ಮೇಲೆ ನಿಂತ ಹೊಸ ಮಾನವನ್ನು ತಂದಿತು. ಅದರ ಪ್ರಮಾಣ ಹಳೆಯ ಮೈಲಿಗೆ ಹತ್ತಿರವೇ ಇತ್ತು. ಅದೇ ದಶಕದ ಕೊನೆಗೆ ಅದಕ್ಕೆ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರಿನಿಂದ ಡೆಸಿಬೆಲ್ ಎಂಬ ಹೆಸರು ಬಂತು. ಪವರ್ ಹತ್ತು ಪಟ್ಟಾದರೆ ಒಂದು ಬೆಲ್. ಅದರ ಹತ್ತನೇ ಒಂದು ಭಾಗ ಡೆಸಿಬೆಲ್.

ಹೀಗೆ ಡೆಸಿಬೆಲ್ಲಿನ ಮೂಲ ವ್ಯಾಖ್ಯೆ ಪವರಿನ ಅನುಪಾತಕ್ಕೆ ಸಂಬಂಧಿಸಿದ್ದು:

```
dB = 10 × log10(P2/P1)
```

ಸರ್ಕ್ಯೂಟಿನಲ್ಲಿ ಸಾಮಾನ್ಯವಾಗಿ ಅಳೆಯುವುದು ಪವರ್ ಅಲ್ಲ, ವೋಲ್ಟೇಜ್. ಒಂದೇ ರೆಸಿಸ್ಟರಿನಲ್ಲಿ ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟೂ ಎರಡು ಪಟ್ಟಾಗಿ ಪವರ್ ನಾಲ್ಕು ಪಟ್ಟಾಗುತ್ತದೆ. ಅಂದರೆ ಪವರಿನ ಅನುಪಾತ ವೋಲ್ಟೇಜ್ ಅನುಪಾತದ ವರ್ಗ. ವರ್ಗದ ಲಾಗ್ ಮೂಲ ಸಂಖ್ಯೆಯ ಲಾಗ್‌ನ ಎರಡರಷ್ಟು. ಆದ್ದರಿಂದ ವೋಲ್ಟೇಜಿಗೆ 10ರ ಬದಲು 20 ಬರುತ್ತದೆ:

```
dB = 20 × log10(V2/V1)
```

ಎರಡು ಸೂತ್ರಗಳು ಎರಡು ಬೇರೆ ಡೆಸಿಬೆಲ್‌ಗಳನ್ನು ಕೊಡುವುದಿಲ್ಲ. ವೋಲ್ಟೇಜ್ 10 ಪಟ್ಟಾದರೆ ಎರಡನೆಯ ಸೂತ್ರದಿಂದ 20 ಡೆಸಿಬೆಲ್. ಅದೇ ಹೊತ್ತಿಗೆ ಪವರ್ 100 ಪಟ್ಟಾಗಿರುತ್ತದೆ, ಮೊದಲ ಸೂತ್ರದಿಂದಲೂ 20 ಡೆಸಿಬೆಲ್ಲೇ. ಒಳಗಿನ ಮತ್ತು ಹೊರಗಿನ ರೆಸಿಸ್ಟೆನ್ಸ್ ಒಂದೇ ಆಗಿದ್ದಾಗ ಮಾತ್ರ ಈ ಹೊಂದಾಣಿಕೆ ಪೂರ್ಣ. ಹಳೆಯ ಟೆಲಿಫೋನ್ ಸಾಧನಗಳಲ್ಲಿ ಅದನ್ನು ಬೇಕೆಂದೇ ಸಮವಾಗಿ ಇಡುತ್ತಿದ್ದರು. ಇಂದಿನ ಬಹುಪಾಲು ಸರ್ಕ್ಯೂಟುಗಳಲ್ಲಿ ಹಾಗಿರುವುದಿಲ್ಲ. ಆದರೂ ಬೋಡೆ ಪ್ಲಾಟಿನಲ್ಲಿ 20ರ ಸೂತ್ರವನ್ನೇ ಬಳಸುವುದು ರೂಢಿ. ಅಲ್ಲಿ ಡೆಸಿಬೆಲ್ ಎಂದರೆ ವೋಲ್ಟೇಜ್ ಗೇನ್‌ನ ಲಾಗ್ ಎಂದಷ್ಟೇ ಅರ್ಥ ಮಾಡಿಕೊಳ್ಳಬೇಕು.

ಪಟ್ಟಿನಿಂದ ಡೆಸಿಬೆಲ್‌ಗೆ, ಡೆಸಿಬೆಲ್‌ನಿಂದ ಪಟ್ಟಿಗೆ

ಡೆಸಿಬೆಲ್‌ನಿಂದ ಅನುಪಾತಕ್ಕೆ ಮರಳಲು ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ವೋಲ್ಟೇಜಾದರೆ 20ರಿಂದ, ಪವರಾದರೆ 10ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು 10ರ ಘಾತವಾಗಿ ಇಡಬೇಕು:

```
V2/V1 = 10^(dB/20)
P2/P1 = 10^(dB/10)
```

ದಿನನಿತ್ಯದ ಕೆಲಸಕ್ಕೆ ಕ್ಯಾಲ್ಕ್ಯುಲೇಟರ್ ಕೂಡ ಬೇಡ. ಕೆಲವೇ ಜೋಡಿಗಳು ಬಾಯಿಪಾಠವಾಗಿದ್ದರೆ ಉಳಿದವನ್ನು ಅವುಗಳಿಂದಲೇ ಕಟ್ಟಿಕೊಳ್ಳಬಹುದು.

| ವೋಲ್ಟೇಜ್ ಅನುಪಾತ | ಡೆಸಿಬೆಲ್ |
|---|---|
| 1 | 0 |
| 1.12 | 1 |
| 1.41 | 3 |
| 2 | 6 |
| 10 | 20 |
| 100 | 40 |
| 1000 | 60 |

ಅನುಪಾತಗಳನ್ನು ಗುಣಿಸಿದಾಗ ಡೆಸಿಬೆಲ್ ಕೂಡುತ್ತದೆ, ಭಾಗಿಸಿದಾಗ ಕಳೆಯುತ್ತದೆ. ಗೇನ್ 250 ಎಂದರೆ ಎಷ್ಟು ಡೆಸಿಬೆಲ್? 250 ಎಂಬುದು 1000ವನ್ನು ಎರಡು ಸಲ ಅರ್ಧ ಮಾಡಿದ್ದು. ಆದ್ದರಿಂದ 60ರಿಂದ 6 ಮತ್ತು 6 ಕಳೆದರೆ 48 ಡೆಸಿಬೆಲ್. ನಿಖರ ಉತ್ತರ 47.96. ತಿರುಗುಮುರುಗಾಗಿ 34 ಡೆಸಿಬೆಲ್ ಎಂದರೆ 40ರಿಂದ 6 ಕಳೆದದ್ದು, ಅಂದರೆ 100ರ ಅರ್ಧ, 50 ಪಟ್ಟು. 47 ಡೆಸಿಬೆಲ್‌ನಂಥ ಒರಟು ಸಂಖ್ಯೆಯನ್ನೂ 40, 6, 1 ಎಂದು ಒಡೆಯಬಹುದು. ಆಗ 100, 2, 1.12 ಮೂರನ್ನೂ ಗುಣಿಸಿದರೆ 224 ಪಟ್ಟು.

ಗೇನ್ ಒಂದಕ್ಕಿಂತ ಕಡಿಮೆಯಿದ್ದರೆ ಡೆಸಿಬೆಲ್ ಋಣಾತ್ಮಕವಾಗುತ್ತದೆ. ಅರ್ಧ ಎಂದರೆ −6, ಹತ್ತನೇ ಒಂದು ಎಂದರೆ −20, ಇಪ್ಪತ್ತನೇ ಒಂದು ಎಂದರೆ −26. ಋಣ ಚಿಹ್ನೆಗೆ ಸಂಕೇತ ತಲೆಕೆಳಗಾಯಿತು ಎಂಬ ಅರ್ಥವಿಲ್ಲ, ಅದು ಚಿಕ್ಕದಾಯಿತು ಎಂದಷ್ಟೇ. ತಲೆಕೆಳಗಾದದ್ದು ಕೆಳಗಿನ ಫೇಸ್ ನಕ್ಷೆಯಲ್ಲಿ 180 ಡಿಗ್ರಿಯಾಗಿ ಕಾಣುತ್ತದೆ. ಹಾಗೆಯೇ 0 ಡೆಸಿಬೆಲ್ ಎಂದರೆ ಸಂಕೇತವೇ ಇಲ್ಲವೆಂದಲ್ಲ. ಒಳಗೆ ಹೋದಷ್ಟೇ ಹೊರಗೆ ಬಂತು ಎಂದು.

ಒಂದು ಫಿಲ್ಟರಿನ ಲೆಕ್ಕ

1.6 ಕಿಲೋಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ ಲೋ ಪಾಸ್ ಫಿಲ್ಟರ್ ಮಾಡಿದರೆ ಅದರ ಕಾರ್ನರ್ ಆವೃತ್ತಿ ಹೀಗೆ ಬರುತ್ತದೆ:

```
fc = 1/(2πRC) = 1/(2π × 1600 × 0.0000001) ≈ 995 Hz
```

ಇದನ್ನು 1000 ಹರ್ಟ್ಜ್ ಎಂದೇ ಇಟ್ಟುಕೊಳ್ಳಬಹುದು. ಈ ಫಿಲ್ಟರಿನ ನಿಖರವಾದ ಗೇನ್ ಸೂತ್ರ `1/√(1 + (f/fc)²)`. ಅದರಿಂದ ಬರುವ ಬೆಲೆಗಳು ಇವು:

| ಆವೃತ್ತಿ (ಹರ್ಟ್ಜ್) | ಗೇನ್ | ಡೆಸಿಬೆಲ್ |
|---|---|---|
| 100 | 0.995 | −0.04 |
| 500 | 0.894 | −1.0 |
| 1000 | 0.707 | −3.0 |
| 2000 | 0.447 | −7.0 |
| 10,000 | 0.0995 | −20.0 |
| 1,00,000 | 0.0100 | −40.0 |

ಕೈಯಲ್ಲಿ ಬರೆಯುವವರಿಗೆ ಈ ಪಟ್ಟಿಯ ಅಗತ್ಯವಿಲ್ಲ. 1000 ಹರ್ಟ್ಜ್‌ವರೆಗೆ 0 ಡೆಸಿಬೆಲ್ ಮಟ್ಟದಲ್ಲಿ ಒಂದು ಸಮತಟ್ಟಾದ ಗೆರೆ. ಅಲ್ಲಿಂದ ಮುಂದೆ ಪ್ರತಿ ಡೆಕೇಡಿಗೆ 20 ಡೆಸಿಬೆಲ್ ಇಳಿಯುವ ಇನ್ನೊಂದು ಗೆರೆ. ಆಕ್ಟೇವ್ ಲೆಕ್ಕದಲ್ಲಿ ಅದೇ ಇಳಿಜಾರು 6 ಡೆಸಿಬೆಲ್. ಈ ಎರಡು ಗೆರೆಗಳಿಗೂ ನಿಜವಾದ ರೇಖೆಗೂ ಇರುವ ಅತಿ ದೊಡ್ಡ ಅಂತರ ಕಾರ್ನರಿನಲ್ಲೇ, ಅದೂ 3 ಡೆಸಿಬೆಲ್. ಒಂದು ಆಕ್ಟೇವ್ ಆಚೆ ಅಥವಾ ಈಚೆ ಹೋದರೆ ಅಂತರ 1 ಡೆಸಿಬೆಲ್‌ಗೆ ಇಳಿಯುತ್ತದೆ, ಒಂದು ಡೆಕೇಡ್ ದೂರದಲ್ಲಿ ಗಮನಕ್ಕೇ ಬಾರದಷ್ಟಾಗುತ್ತದೆ. ಎರಡು ಗೆರೆ ಎಳೆದು, ಮೂಲೆಯಲ್ಲಿ 3, ಅಕ್ಕಪಕ್ಕದಲ್ಲಿ 1 ಡೆಸಿಬೆಲ್ ತಗ್ಗಿಸಿ ದುಂಡಾಗಿಸಿದರೆ ನಕ್ಷೆ ಸಿದ್ಧ. ಕಾರ್ನರಿನಲ್ಲಿ ಗೇನ್ 0.707 ಇರುವಾಗ ಅದರ ವರ್ಗ 0.5, ಪವರ್ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಈ ಬಿಂದುವನ್ನು ಅರ್ಧ ಪವರ್ ಬಿಂದು ಎಂದೂ ಕರೆಯುತ್ತಾರೆ. ಅದೇ ಬಿಂದುವಿನಲ್ಲಿ ಫೇಸ್ 45 ಡಿಗ್ರಿ ಹಿಂದಿರುತ್ತದೆ.

ಈಗ ಈ ಫಿಲ್ಟರಿನ ಮುಂದೆ 100 ಪಟ್ಟು ಗೇನ್ ಕೊಡುವ ಮೈಕ್ ಆಂಪ್ಲಿಫೈಯರ್, ಹಿಂದೆ 20 ಪಟ್ಟು ಗೇನ್ ಕೊಡುವ ಇನ್ನೊಂದು ಆಂಪ್ಲಿಫೈಯರ್ ಇದೆಯೆಂದುಕೊಳ್ಳೋಣ. ಡೆಸಿಬೆಲ್‌ನಲ್ಲಿ ಅವು 40 ಮತ್ತು 26. ಕಡಿಮೆ ಆವೃತ್ತಿಗಳಲ್ಲಿ ಫಿಲ್ಟರ್ 0 ಡೆಸಿಬೆಲ್ ಇರುವುದರಿಂದ ಒಟ್ಟು 66 ಡೆಸಿಬೆಲ್, ಅಂದರೆ 2000 ಪಟ್ಟು. 10,000 ಹರ್ಟ್ಜ್‌ನಲ್ಲಿ 40ಕ್ಕೆ 26 ಕೂಡಿ 20 ಕಳೆದರೆ 46 ಡೆಸಿಬೆಲ್, ಅಂದರೆ 200 ಪಟ್ಟು. ಮೈಕಿನಿಂದ 2 ಮಿಲಿವೋಲ್ಟ್ ಬಂದರೆ ಮಂದ್ರ ಸ್ವರಕ್ಕೆ 4 ವೋಲ್ಟ್, 10,000 ಹರ್ಟ್ಜ್‌ಗೆ 0.4 ವೋಲ್ಟ್ ಹೊರಬರುತ್ತದೆ. ನಕ್ಷೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಫಿಲ್ಟರಿನ ರೇಖೆಯ ಆಕಾರವನ್ನು ಕದಲಿಸದೆ ಇಡಿಯಾಗಿ 66 ಡೆಸಿಬೆಲ್ ಮೇಲಕ್ಕೆತ್ತುವುದು.

ಈ ಕೂಡಿಕೆಗೆ ಒಂದು ಷರತ್ತಿದೆ. ಮುಂದಿನ ಹಂತ ಹಿಂದಿನ ಹಂತದಿಂದ ಕರೆಂಟ್ ಎಳೆದು ಅದರ ನಡವಳಿಕೆಯನ್ನು ಬದಲಿಸಬಾರದು. ಮೇಲೆ ಹೇಳಿದಂಥ ಎರಡು ಫಿಲ್ಟರುಗಳ ನಡುವೆ ಬಫರ್ ಆಂಪ್ಲಿಫೈಯರ್ ಇದ್ದರೆ ಕಾರ್ನರಿನಲ್ಲಿ 3 ಮತ್ತು 3 ಸೇರಿ 6 ಡೆಸಿಬೆಲ್ ನಷ್ಟ. ಬಫರ್ ಇಲ್ಲದೆ ನೇರವಾಗಿ ಜೋಡಿಸಿದರೆ ಅದೇ ಆವೃತ್ತಿಯಲ್ಲಿ ಗೇನ್ ಮೂರನೇ ಒಂದಕ್ಕೆ ಇಳಿಯುತ್ತದೆ, ನಷ್ಟ 9.5 ಡೆಸಿಬೆಲ್ ಆಗುತ್ತದೆ. ಅಳತೆ ಮಾಡಿದಾಗ ಕಾರ್ನರಿನ ಬಳಿ ಲೆಕ್ಕಕ್ಕಿಂತ ಮೂರೂವರೆ ಡೆಸಿಬೆಲ್‌ನಷ್ಟು ಹೆಚ್ಚು ನಷ್ಟ ಕಂಡರೆ ಅನುಮಾನಿಸಬೇಕಾದದ್ದು ಲಾಗ್ ಲೆಕ್ಕವನ್ನಲ್ಲ, ಈ ಜೋಡಣೆಯನ್ನು.

ತಪ್ಪು ನುಸುಳುವ ಜಾಗಗಳು

10 ಮತ್ತು 20ರ ಗೊಂದಲವೇ ಎಲ್ಲಕ್ಕಿಂತ ಸಾಮಾನ್ಯ. ಅದನ್ನು ಪತ್ತೆಹಚ್ಚಲು ಸುಲಭದ ಪರೀಕ್ಷೆಯಿದೆ. ಸಮನಾದ ಎರಡು ರೆಸಿಸ್ಟರುಗಳ ಡಿವೈಡರ್ ವೋಲ್ಟೇಜನ್ನು ಅರ್ಧ ಮಾಡುತ್ತದೆ. ಉತ್ತರ −6 ಬರಬೇಕು. −3 ಬಂದರೆ ವೋಲ್ಟೇಜಿಗೆ ಪವರಿನ ಸೂತ್ರ ಬಳಕೆಯಾಗಿದೆ ಎಂದರ್ಥ.

ಎರಡನೆಯದು ಲಾಗ್‌ನ ಆಧಾರ. ಡೆಸಿಬೆಲ್‌ಗೆ ಬೇಕಾದದ್ದು ಆಧಾರ 10ರ ಲಾಗ್. ಪೈಥಾನ್‌ನಲ್ಲಿ `math.log` ಎಂದು ಒಂದೇ ಸಂಖ್ಯೆ ಕೊಟ್ಟರೆ ಅದು ನ್ಯಾಚುರಲ್ ಲಾಗ್ ಕೊಡುತ್ತದೆ. ಬರೆಯಬೇಕಾದದ್ದು ಹೀಗೆ:

```python
import math
db = 20 * math.log10(ratio)
ratio = 10 ** (db / 20)
```

10 ಪಟ್ಟಿಗೆ 20ರ ಬದಲು 46 ಡೆಸಿಬೆಲ್ ಬಂದರೆ ಲಾಗ್‌ನ ಆಧಾರ ತಪ್ಪಿದೆ. ಮೂರನೆಯದು ಅಡ್ಡ ಅಕ್ಷದ ಮಾನ. ಕಂಟ್ರೋಲ್ ವಿಷಯದ ಪಠ್ಯಗಳು ಆವೃತ್ತಿಯನ್ನು ಹೆಚ್ಚಾಗಿ ಸೆಕೆಂಡಿಗೆ ರೇಡಿಯನ್‌ಗಳಲ್ಲಿ ಕೊಡುತ್ತವೆ. ಮೇಲಿನ ಫಿಲ್ಟರಿನ ಕಾರ್ನರ್ ಆ ಮಾನದಲ್ಲಿ 6250. ಅದನ್ನು ಹರ್ಟ್ಜ್ ಎಂದು ಓದಿದರೆ ಇಡೀ ನಕ್ಷೆ ಆರೂ ಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು ಬಲಕ್ಕೆ ಸರಿದುಬಿಡುತ್ತದೆ.

ಒಂದೇ ಹಾಳೆಯಲ್ಲಿ ಒಂದು ಆಪ್ ಆಂಪ್

741 ಎಂಬ ಹಳೆಯ, ಈಗಲೂ ಕಾಲೇಜು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಆಪ್ ಆಂಪ್‌ನ ಓಪನ್ ಲೂಪ್ ಗೇನ್ ಸುಮಾರು 2,00,000. ಡೆಸಿಬೆಲ್‌ನಲ್ಲಿ ಅದು 100ಕ್ಕೆ 6 ಕೂಡಿದ 106. ಈ ಗೇನ್ ಸುಮಾರು 5 ಹರ್ಟ್ಜ್‌ವರೆಗೆ ಮಾತ್ರ ನಿಲ್ಲುತ್ತದೆ. ಆಮೇಲೆ ಡೆಕೇಡಿಗೆ 20 ಡೆಸಿಬೆಲ್‌ನಂತೆ ಇಳಿದು ಸುಮಾರು 10 ಲಕ್ಷ ಹರ್ಟ್ಜ್‌ನಲ್ಲಿ 0 ಡೆಸಿಬೆಲ್ ಮುಟ್ಟುತ್ತದೆ. ಲೆಕ್ಕ ಸರಿಯಿದೆಯೇ ಎಂದು ನೋಡಲು 106ನ್ನು 20ರಿಂದ ಭಾಗಿಸಿದರೆ ಸಾಕು: 5.3 ಡೆಕೇಡ್, ಅಂದರೆ ಎರಡು ಲಕ್ಷ ಪಟ್ಟು. 5 ಹರ್ಟ್ಜ್‌ನ ಎರಡು ಲಕ್ಷ ಪಟ್ಟು 10 ಲಕ್ಷ ಹರ್ಟ್ಜ್.

ಇದೇ ಆಪ್ ಆಂಪ್‌ಗೆ ಫೀಡ್‌ಬ್ಯಾಕ್ ರೆಸಿಸ್ಟರುಗಳನ್ನು ಹಾಕಿ ಗೇನ್ ಅನ್ನು 100ಕ್ಕೆ ನಿಲ್ಲಿಸಿದರೆ ಅದು ಎಷ್ಟು ಆವೃತ್ತಿಯವರೆಗೆ ಉಳಿಯುತ್ತದೆ ಎಂಬ ಪ್ರಶ್ನೆಗೆ ನಕ್ಷೆಯೇ ಉತ್ತರ ಕೊಡುತ್ತದೆ. 40 ಡೆಸಿಬೆಲ್ ಎತ್ತರದಲ್ಲಿ ಅಡ್ಡಗೆರೆ ಎಳೆದರೆ ಅದು ಇಳಿಜಾರನ್ನು ಸಂಧಿಸುವುದು 0 ಡೆಸಿಬೆಲ್ ಬಿಂದುವಿಗಿಂತ ಎರಡು ಡೆಕೇಡ್ ಹಿಂದೆ, 10,000 ಹರ್ಟ್ಜ್‌ನಲ್ಲಿ. ಅಲ್ಲಿ ಗೇನ್ ಆಗಲೇ 3 ಡೆಸಿಬೆಲ್ ಇಳಿದು 71ರ ಹತ್ತಿರ ಬಂದಿರುತ್ತದೆ. ಗೇನ್ 10 ಸಾಕೆಂದರೆ ಅಡ್ಡಗೆರೆ 20 ಡೆಸಿಬೆಲ್‌ಗೆ ಇಳಿದು, ಸಂಧಿಬಿಂದು 1,00,000 ಹರ್ಟ್ಜ್‌ಗೆ ಸರಿಯುತ್ತದೆ. ಹತ್ತು ಪಟ್ಟು ಗೇನ್ ಬಿಟ್ಟುಕೊಟ್ಟರೆ ಹತ್ತು ಪಟ್ಟು ಆವೃತ್ತಿ ವ್ಯಾಪ್ತಿ ಸಿಗುತ್ತದೆ ಎಂಬ ನಿಯಮ ಎರಡು ಗೆರೆಗಳ ಸಂಧಿಯಲ್ಲಿ ಕಣ್ಣಿಗೆ ಕಾಣುತ್ತದೆ. ಸಣ್ಣ ಸಂಕೇತಗಳಿಗೆ ಇದು ಸರಿ. ಹೊರಬರುವ ವೋಲ್ಟೇಜ್ ಹಲವು ವೋಲ್ಟ್‌ಗಳಷ್ಟು ದೊಡ್ಡದಾಗಿದ್ದರೆ 741 ಅದನ್ನು ಅಷ್ಟು ವೇಗವಾಗಿ ಏರಿಳಿಸಲಾರದೆ ಅಲೆ ವಿಕಾರಗೊಳ್ಳುತ್ತದೆ. ಆ ಮಿತಿ ಬೋಡೆ ಪ್ಲಾಟಿನಲ್ಲಿ ಕಾಣುವುದಿಲ್ಲ. ಅದನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು.